ತಿಥಿ ನೋಡಲಾ, ತಬರನ ಕಥೆ ನೋಡಲಾ?

ಹಸಿರು ಗದ್ದೆ, ಮುಗ್ಧ ಜನ ಅನ್ನುವ ಸಿನಿಮಾ ಹಳ್ಳಿ ಸಾಕಾಗಿದೆ ಅನ್ನುವವರಿಗೆ ಈ ಎರಡು ಸಿನಿಮಾ ಹೇಳುತ್ತೇನೆ. ಎರಡರಲ್ಲೂ ಕಥೆ ಒಂದು ಕಾಗದದ ಸುತ್ತ ತಿರುಗುತ್ತದೆ.

ರಾಮ್ ರೆಡ್ಡಿಯವರ ‘ತಿಥಿ’ (2015) ಮಂಡ್ಯ ಸೀಮೆಯದ್ದು. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನದ ತಿಥಿಯೊಳಗೆ ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಆದರೆ ಜಮೀನು ಅಪ್ಪ ಗಡ್ಡಪ್ಪನಿಗೆ ಸೇರಬೇಕಾದ್ದು, ಅವನಿಗೋ ಆಸ್ತಿಯೇ ಬೇಡ. ಹಾಗಾಗಿ ಬದುಕಿರುವ ಅಪ್ಪನಿಗೇ ಮರಣ ಪತ್ರ ಮಾಡಿಸುತ್ತಾನೆ! ಇದಕ್ಕೆ ಲಂಚ, ಲಂಚಕ್ಕೆ ಸಾಲ. ತಮ್ಮಣ್ಣ ಕೆಟ್ಟವನಲ್ಲ, ಕಷ್ಟದಲ್ಲಿರುವವನು ಅಷ್ಟೇ. ನಟಿಸಿದವರು ಬಹುಪಾಲು ಅಲ್ಲಿನ ಜನರೇ. ಅದಕ್ಕೇ ಮಾತು, ಬೈಗುಳ, ನಡಿಗೆ ಎಲ್ಲೂ ಕಲಿತದ್ದು ಅನಿಸುವುದಿಲ್ಲ. ಹಿನ್ನೆಲೆ ಸಂಗೀತ ಬಂದು ‘ಈಗ ಅಳಿ’ ಅನ್ನುವುದಿಲ್ಲ.

ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ (1986) ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಬಂದದ್ದು. ಇದು ಸಣ್ಣ ಪೇಟೆಯ ಕಚೇರಿ ಲೋಕ. ಕಾಫಿ ಬೆಳೆಗಾರರಿಂದ ತೆರಿಗೆ ವಸೂಲಿ ಮಾಡಲಾಗದ ಲೆಕ್ಕ ಜವಾನ ತಬರನ ತಲೆಗೇ ಬರುತ್ತದೆ, ಪಿಂಚಣಿಯ ಕಾಗದ ಅಲ್ಲೇ ನಿಲ್ಲುತ್ತದೆ. ಅತ್ತ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತಿರುತ್ತದೆ. ತಬರನಾಗಿ ನಟಿಸಿದ ಚಾರುಹಾಸನ್ ಅವರ ಮುಖವೇ ಇಲ್ಲಿ ಎಲ್ಲ ಹೇಳುತ್ತದೆ. ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಮನೆಮಂದಿ ಜೊತೆ, ನಗುತ್ತಾ ನೋಡಬೇಕೆಂದರೆ ‘ತಿಥಿ’. ಬೈಗುಳ ಜಾಸ್ತಿ, ಮಕ್ಕಳಿದ್ದರೆ ಯೋಚಿಸಿ. ‘ತಬರನ ಕಥೆ’ಯಲ್ಲಿ ಬಿಡುವೇ ಇಲ್ಲ, ಮನಸ್ಸು ಗಟ್ಟಿ ಇರುವ ದಿನ ನೋಡಿ. ನನ್ನ ಆಯ್ಕೆ? ಹಳ್ಳಿಯವರ ಸಣ್ಣ ಸ್ವಾರ್ಥವನ್ನೂ ಪ್ರೀತಿಯಿಂದ ತೋರಿಸುವ ‘ತಿಥಿ’ ಮೊದಲು.