ಒಂದೂವರೆ ವರ್ಷ ಬಳಸಿದ ಮೇಲೆ: ಸ್ಪೀಡ್ ಕರ್ವ್ ಚಂದ, ಫ್ರೀಜ್ ಮಾತ್ರ ಕಾಟ

ಹೊನ್ನಾವರದಲ್ಲಿ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ರಾತ್ರಿ ಬಾಗಿಲು ಹಾಕಿ, ಒಂದು ಲೋಟ ಚಹಾ ಇಟ್ಟುಕೊಂಡು ಯಕ್ಷಗಾನದ ರೀಲ್ ಎಡಿಟ್ ಮಾಡಲು ಕೂರುತ್ತೇನೆ. ಅಕ್ಕನ ಮಗ ಬಡಗುತಿಟ್ಟು ಕಲಿಯುತ್ತಿದ್ದಾನೆ, ಅವನ ಕುಣಿತದ್ದೇ ಜಾಸ್ತಿ. ಒಂದೂವರೆ ವರ್ಷದಿಂದ ಫೋನಿನಲ್ಲಿ ಈ ಒಂದೇ ಎಡಿಟಿಂಗ್ ಆಪ್, ಅದೂ ಚಂದಾ ಕಟ್ಟಿ. ಫಿಲ್ಟರ್, ಸ್ಟಿಕ್ಕರ್ ನಾನು ಮುಟ್ಟಿಯೇ ಇಲ್ಲ. ನನಗೆ ಬೇಕಾದದ್ದು ವೇಗ ಏರಿಸಿ ಇಳಿಸುವ ಸ್ಪೀಡ್ ಕರ್ವ್ ಮತ್ತು ಚಿತ್ರವನ್ನು ತಟ್ಟನೆ ನಿಲ್ಲಿಸುವ ಫ್ರೀಜ್.

ಮೊದಲು ಸಿಟ್ಟು ಬಂದದ್ದು ಫ್ರೀಜ್ ಮೇಲೆ. ಬಟನ್ ಒತ್ತಿದರೆ ಸೀದಾ 3 ಸೆಕೆಂಡಿನ ನಿಂತ ಚಿತ್ರ ನಡುವೆ ತೂರಿಕೊಳ್ಳುತ್ತದೆ. ಅದರ ಮುಂದಿನ ಕ್ಲಿಪ್‌ಗಳೆಲ್ಲ 3 ಸೆಕೆಂಡ್ ಹಿಂದೆ ಬೀಳುತ್ತವೆ, ಹಾಡು ಮಾತ್ರ ಇದ್ದಲ್ಲೇ ಇರುತ್ತದೆ. ಚಂಡೆಯ ಪೆಟ್ಟಿಗೆ ಒಂದೊಂದೇ ಹೆಜ್ಜೆ ಕೂರಿಸಿದ ಕೆಲಸ ಅಷ್ಟೂ ಹಾಳು. ಉದ್ದ ಎಷ್ಟಿರಬೇಕು ಅಂತ ಮೊದಲೇ ಹೇಳಿಡುವ ಜಾಗ ಸೆಟ್ಟಿಂಗ್ಸ್‌ನಲ್ಲಿ ಎಲ್ಲೂ ಇಲ್ಲ.

ಸ್ಪೀಡ್ ಕರ್ವ್ ಕೂಡ ಶುರುವಿನಲ್ಲಿ ಹೀಗೇ ಕಾಡಿತ್ತು. ಮಂಡಿ ಗಿರಕಿಯನ್ನು ಜೋರಾಗಿ ಓಡಿಸಿ, ಕೊನೆಗೆ ನಿಧಾನ ಮಾಡಿ, ಮುಕ್ತಾಯದ ಪೆಟ್ಟಿಗೆ ಸರಿಯಾಗಿ ನಿಲ್ಲಿಸಬೇಕು. ಆದರೆ ಕರ್ವ್ ಸ್ವಲ್ಪ ಎಳೆದರೂ ಕ್ಲಿಪ್‌ನ ಉದ್ದ ಬದಲಾಗುತ್ತದೆ. ನಿಲ್ಲುವ ಕ್ಷಣ ಪೆಟ್ಟಿನಿಂದ ಜಾರಿಹೋಗುತ್ತದೆ.

ಒಂದು ರಾತ್ರಿ ಕಾಗದದ ಮೇಲೆ ಲೆಕ್ಕ ಬರೆದಾಗ ದಾರಿ ಸಿಕ್ಕಿತು. ಗಿರಕಿ ಇದ್ದದ್ದು 3 ಸೆಕೆಂಡ್. ಮೊದಲ 2 ಸೆಕೆಂಡನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿದರೆ ಅದು 1 ಸೆಕೆಂಡಿನಲ್ಲಿ ಮುಗಿಯುತ್ತದೆ. ಉಳಿದ 1 ಸೆಕೆಂಡನ್ನು ಅರ್ಧ ವೇಗಕ್ಕೆ ಇಳಿಸಿದರೆ ಅದಕ್ಕೆ 2 ಸೆಕೆಂಡ್ ಬೇಕು. ಒಟ್ಟು ಮತ್ತೆ 3! ಎರಡು ಪಾಲು ಜೋರು, ಒಂದು ಪಾಲು ನಿಧಾನ ಇದ್ದರೆ ಉದ್ದ ಕೆಡುವುದೇ ಇಲ್ಲ, ಕಾಲು ಪೆಟ್ಟಿಗೇ ನಿಲ್ಲುತ್ತದೆ. ಕರ್ವ್ ಅನ್ನು ನುಣುಪಾಗಿ ಬಾಗಿಸಿದರೆ ಚೂರು ಹೆಚ್ಚುಕಮ್ಮಿ ಆಗುತ್ತದೆ. ಆಗ ಕರ್ವ್ ಮೇಲೆ ಕಾಣುವ ಹೊಸ ಉದ್ದವನ್ನು ನೋಡುತ್ತಾ ಒಂದು ಚುಕ್ಕೆಯನ್ನು ಹಿಂದೆ ಮುಂದೆ ಸರಿಸಿ 3ಕ್ಕೆ ತರುತ್ತೇನೆ. ವೇಗ ಮುಟ್ಟುವ ಮೊದಲೇ ವಿಡಿಯೋದ ಸದ್ದನ್ನು ಬೇರೆ ಮಾಡಿ ಇಟ್ಟಿರಬೇಕು. ಇಲ್ಲದಿದ್ದರೆ ಚಂಡೆಯೂ ವೇಗದ ಜೊತೆ ಎಳೆದಾಡುತ್ತದೆ.

ಅರ್ಧ ವೇಗ ಅಂದೆನಲ್ಲ, ಅದಕ್ಕೆ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಶೂಟ್ ಮಾಡಿರಬೇಕು. ನನ್ನ ರೀಲ್ 30ರದ್ದು, ಹಾಗಾಗಿ 60ರಲ್ಲಿ ತೆಗೆದ ಒಂದೊಂದು ಫ್ರೇಮೂ ಒಂದೊಂದು ಸಲ ಬಂದು ಸಲೀಸಾಗಿ ಕಾಣುತ್ತದೆ. 30ರಲ್ಲೇ ತೆಗೆದಿದ್ದರೆ ಪ್ರತಿ ಫ್ರೇಮ್ ಎರಡೆರಡು ಸಲ ಬಂದು ಕುಣಿತ ತಡವರಿಸುತ್ತದೆ. ಆಪ್‌ನಲ್ಲಿ ಅದನ್ನು ನುಣುಪು ಮಾಡುವ ಆಯ್ಕೆ ಇದೆ. ಅದು ನಡುವಿನ ಫ್ರೇಮ್‌ಗಳನ್ನು ತಾನೇ ಊಹಿಸಿ ತುಂಬುತ್ತದೆ. ಗಿರಕಿಗೆ ಹಾಕಿ ನೋಡಿದೆ, ಕಿರೀಟದ ಅಂಚು ಹಿಂದಿನ ಪರದೆಗೆ ಮೇಣದ ಹಾಗೆ ಕರಗಿತು. ಮತ್ತೆ ಮುಟ್ಟಲಿಲ್ಲ.

ಇನ್ನು ಫ್ರೀಜ್. ಅದಕ್ಕೂ ಉಪಾಯ ಆಪ್‌ನಲ್ಲೇ ಇತ್ತು, ನನಗೆ ಸಿಗಲು ಎಂಟು ತಿಂಗಳು ಬೇಕಾಯಿತು. ನಿಂತ ಚಿತ್ರವನ್ನು ಕೆಳಗಿನ ಸಾಲಿನಿಂದ ಎತ್ತಿ ಓವರ್‌ಲೇಗೆ ಹಾಕಿದರೆ, ಕೆಳಗೆ ಕ್ಲಿಪ್‌ಗಳು ಮತ್ತೆ ಕೂಡಿಕೊಳ್ಳುತ್ತವೆ. ಓವರ್‌ಲೇಯ ತುಂಡನ್ನು ಅರ್ಧ ಸೆಕೆಂಡಿಗೆ ಕತ್ತರಿಸಿ ಪೆಟ್ಟಿನ ಮೇಲೆ ಇಟ್ಟರೆ ಆಯಿತು, ಅದು ಯಾರನ್ನೂ ತಳ್ಳುವುದಿಲ್ಲ. ಅಡಿಯಲ್ಲಿ ಕುಣಿತ ಓಡುತ್ತಲೇ ಇರುತ್ತದೆ, ಚಿತ್ರ ಸರಿದಾಗ ತಾಳ ತಪ್ಪಿರುವುದಿಲ್ಲ. ಮುಕ್ತಾಯಕ್ಕೆ ವೇಷಧಾರಿ ಹೇಗೂ ಒಂದು ಗಳಿಗೆ ನಿಲ್ಲುತ್ತಾನೆ, ಆದ್ದರಿಂದ ನಡುವಿನ ಜಿಗಿತ ಕಣ್ಣಿಗೆ ಬೀಳುವುದಿಲ್ಲ. ಓಡುವ ಹೆಜ್ಜೆಯ ನಡುವೆ ಇಟ್ಟರೆ ಮಾತ್ರ ಝಟ್ಟನೆ ಹಾರಿದ ಹಾಗೆ ಕಾಣುತ್ತದೆ. ನಿಲ್ಲಿಸುವ ಫ್ರೇಮನ್ನೂ ಆರಿಸಬೇಕು. ಪೆಟ್ಟಿನ ಫ್ರೇಮ್‌ನಲ್ಲಿ ಕೈ ಮಸುಕಾಗಿದ್ದರೆ ಒಂದೆರಡು ಫ್ರೇಮ್ ಮುಂದೆ ಹೋಗಿ ಬೆರಳುಗಳು ಎಣಿಸುವಷ್ಟು ಸ್ಪಷ್ಟವಾದದ್ದನ್ನು ತೆಗೆದುಕೊಳ್ಳುತ್ತೇನೆ.

ಇಷ್ಟೆಲ್ಲ ಮಾಡಿ ಒಂದು ಸಲ ಬೇರೊಂದು ಚಂಡೆ ಧ್ವನಿಗೆ ರೀಲ್ ಕೂರಿಸಿ ತೋರಿಸಿದೆ. ಹುಡುಗ ನೋಡಿ, “ಮಾವ, ಪೆಟ್ಟು ಬಿದ್ದ ಮೇಲೆ ನಾನು ನಿಲ್ತಾ ಇದ್ದೇನೆ” ಅಂದ. ನಿಜ! ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಸದ್ದು ತಡವಾಗಿ ಕೇಳುತ್ತದೆ, ನಾನು ಕೇಳಿದಾಗ ಗುರುತು ಒತ್ತಿದ್ದೆ. ಆಪ್‌ನ ಆಟೋ ಬೀಟ್ ಕೂಡ ಚಂಡೆಗೆ ಆಗಿಬರುವುದಿಲ್ಲ, ಸಿಕ್ಕ ಸಿಕ್ಕ ಪೆಟ್ಟಿಗೆಲ್ಲ ಚುಕ್ಕೆ ಇಡುತ್ತದೆ. ಈಗ ವೈರ್ ಇರುವ ಇಯರ್‌ಫೋನ್ ಹಾಕಿ, ಸದ್ದಿನ ಅಲೆಯನ್ನು ದೊಡ್ಡದು ಮಾಡಿ, ಅದು ಚೂಪಾಗಿ ಎದ್ದ ಜಾಗಕ್ಕೇ ಗುರುತು ಹಾಕುತ್ತೇನೆ.

ಐದಕ್ಕೆ ನಾಲ್ಕು ನಕ್ಷತ್ರ. ಚಂದಾ ಮುಂದುವರಿಸುತ್ತೇನೆ. ಫ್ರೀಜ್‌ನ ಉದ್ದ ನಾವೇ ಇಡುವ ಹಾಗೆ ಮಾಡಿದ ದಿನ ಐದನೆಯದನ್ನೂ ಕೊಡುತ್ತೇನೆ.