ಸಂಪಿನಲ್ಲಿ ನೀರಿದ್ದರೂ ಮೋಟರ್ ಒಣಗಿ ಓಡಿತು: ವಾಟರ್ ಲೆವೆಲ್ ಕಂಟ್ರೋಲರ್ ಜೊತೆ ಮೂರು ವರ್ಷ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ. ಕೆಳಗೆ ಸಂಪು, ತಾರಸಿ ಮೇಲೆ 1000 ಲೀಟರಿನ ಟ್ಯಾಂಕ್, ನಡುವೆ 1 ಎಚ್‌ಪಿ ಮಾನೋಬ್ಲಾಕ್ ಮೋಟರ್. ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಸಂಪು ತುಂಬಿಸಿಕೊಳ್ಳುತ್ತೇವೆ, ಬೇಸಿಗೆಯಲ್ಲಿ ಸಾಲದಿದ್ದರೆ ಟ್ಯಾಂಕರ್ ಹಾಕಿಸುತ್ತೇವೆ. ದುಡ್ಡು ಕೊಟ್ಟು ಹಾಕಿಸಿದ ನೀರು ಚರಂಡಿಗೆ ಹರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎದುರು ಮನೆಯ ಅಜ್ಜಿ "ನಿಮ್ ಟ್ಯಾಂಕ್ ತುಂಬೈತಿ ನೋಡ್ರಿ" ಎಂದು ಕೂಗಿದಾಗಲೇ ನಮಗೆ ಮೋಟರಿನ ನೆನಪಾಗುತ್ತಿತ್ತು. ಒಮ್ಮೆ ಸಂಪು ಖಾಲಿಯಾದದ್ದು ಗೊತ್ತಾಗದೆ ಮೋಟರ್ ಓಡಿ, ಸೀಲ್ ಹೋಗಿ, ಬಿಚ್ಚಿಸಿ ಹಾಕಿಸಬೇಕಾಯಿತು. ಆಮೇಲೆ ಈ ಕಂಟ್ರೋಲರ್ ತಂದೆ. ಈಗ ಮೂರು ವರ್ಷ ದಾಟಿದೆ.

ಕೆಲಸ ಮಾಡುವ ರೀತಿ ಸರಳ. ಮೇಲಿನ ಟ್ಯಾಂಕಿನಲ್ಲಿ ಎರಡು ಸೆನ್ಸರ್. ನೀರು ಕಾಲು ಭಾಗಕ್ಕೆ ಇಳಿದರೆ ಮೋಟರ್ ಆನ್, ಓವರ್‌ಫ್ಲೋ ಪೈಪಿಗಿಂತ ಎರಡಿಂಚು ಕೆಳಗಿನ ಮಟ್ಟಕ್ಕೆ ಏರಿದರೆ ಆಫ್. ಸಂಪಿನಲ್ಲಿ ಒಂದು ಸೆನ್ಸರ್. ಅಲ್ಲಿ ನೀರಿಲ್ಲದಿದ್ದರೆ ಮೇಲಿನ ಟ್ಯಾಂಕ್ ಎಷ್ಟೇ ಖಾಲಿಯಿದ್ದರೂ ಮೋಟರ್ ಶುರುವಾಗುವುದಿಲ್ಲ. ಸಂಪಿನ ಸೆನ್ಸರನ್ನು, ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವ್‌ಗಿಂತ ಅರ್ಧ ಅಡಿ ಮೇಲೆ ಕಟ್ಟಿಸಿ. ಅದೇ ಮಟ್ಟಕ್ಕೆ ಕಟ್ಟಿದರೆ ಕೊನೆಯ ನೀರು ಸುಳಿ ಸುತ್ತುವಾಗ ಮೋಟರ್ ಗಾಳಿ ಎಳೆದುಕೊಳ್ಳುತ್ತದೆ.

ಮೊದಲ ತೊಂದರೆ ಬಂದಿದ್ದು ಏಳನೇ ತಿಂಗಳಿಗೆ. ಬೆಳಿಗ್ಗೆ ಎದ್ದು ನೋಡಿದರೆ ಕಂಟ್ರೋಲರಿನಲ್ಲಿ ಟ್ಯಾಂಕ್ ತುಂಬಿದ ದೀಪ ಹತ್ತಿದೆ, ಮೋಟರ್ ದೀಪ ಆರಿದೆ, ಆದರೆ ಮೋಟರ್ ಓಡುತ್ತಲೇ ಇದೆ! ತಾರಸಿಯಿಂದ ನೀರು ಸುರಿಯುತ್ತಿತ್ತು. ಹಾಕಿದವರು ಖರ್ಚು ಕಡಿಮೆ ಮಾಡಲು ಮೋಟರನ್ನು ಕಂಟ್ರೋಲರಿನ ಒಳಗಿರುವ ಪುಟ್ಟ ರಿಲೇಗೇ ನೇರವಾಗಿ ಕೊಟ್ಟಿದ್ದರು. 1 ಎಚ್‌ಪಿ ಮೋಟರ್ ಓಡುವಾಗ ಎಳೆಯುವುದು ಆರು ಆಂಪಿಯರ್ ಆಸುಪಾಸು. ಆದರೆ ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಪ್ರತಿ ಸಲ ಕಿಡಿ ಹಾರಿ ಹಾರಿ ರಿಲೇಯ ಪಾಯಿಂಟು ಒಂದಕ್ಕೊಂದು ಅಂಟಿಕೊಂಡಿತ್ತು. ಕಂಟ್ರೋಲರ್ ಬಿಡು ಎಂದರೂ ಅದು ಬಿಡುವ ಸ್ಥಿತಿಯಲ್ಲಿ ಇರಲಿಲ್ಲ.

ಮಂಡಿಪೇಟೆಯಿಂದ ಕಾಂಟ್ಯಾಕ್ಟರ್ ತಂದು, ಬೇರೆ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿದೆ. ಈಗ ರಿಲೇ ಕಾಂಟ್ಯಾಕ್ಟರಿನ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡುತ್ತದೆ, ಮೋಟರಿನ ಭಾರವನ್ನೆಲ್ಲ ಕಾಂಟ್ಯಾಕ್ಟರ್ ಹೊರುತ್ತದೆ. ಫೇಸ್, ನ್ಯೂಟ್ರಲ್ ಎರಡನ್ನೂ ಅದರ ಮೂಲಕವೇ ಹಾಯಿಸಿದ್ದೇವೆ. ತರುವಾಗ ಕಾಯಿಲ್ ಮೇಲೆ ಬರೆದಿರುವುದನ್ನು ಓದಿ ತನ್ನಿ. ನೋಡಲು ಒಂದೇ ಥರ ಇರುತ್ತವೆ, ಆದರೆ 415 ವೋಲ್ಟ್ ಕಾಯಿಲ್‌ನವೂ ಸಿಗುತ್ತವೆ. ಮನೆ ಕರೆಂಟಿಗೆ 230 ವೋಲ್ಟ್ ಕಾಯಿಲ್‌ನದ್ದೇ ಬೇಕು. ಸರಿಯಾದದ್ದು ಟಪ್ ಎಂದು ಒಂದೇ ಏಟಿಗೆ ಕೂರುತ್ತದೆ. ಗುಂಯ್ ಎನ್ನುತ್ತಿದ್ದರೆ ಅಥವಾ ಟಕಟಕ ಹೊಡೆದುಕೊಂಡರೆ ವೋಲ್ಟೇಜ್ ಸಾಲುತ್ತಿಲ್ಲ, ಇಲ್ಲವೇ ಒಳಗೆ ಧೂಳು, ಇರುವೆ ಸೇರಿದೆ ಎಂದರ್ಥ. ಆಗ ಮೋಟರ್ ಓಡಿಸಬೇಡಿ. ಇಲ್ಲಿ ಇನ್ನೊಂದು ಮಾತು: ಇದು ಸಂಪಿನ ಮಾನೋಬ್ಲಾಕ್ ಮೋಟರಿಗೆ ಹೇಳುತ್ತಿರುವುದು. ಹಸಿರು ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಮಾಡುವ ಬೋರ್‌ವೆಲ್ ಪ್ಯಾನಲ್ ಇದ್ದರೆ ಬರೀ ಕಾಂಟ್ಯಾಕ್ಟರ್ ಹಾಕಿದರೆ ಆಗುವುದಿಲ್ಲ. ಅದಕ್ಕೆ ಸ್ಟಾರ್ಟ್ ಕೆಪಾಸಿಟರನ್ನು ತಾನೇ ಸೇರಿಸಿ ಬಿಡಿಸುವ ಆಟೊ ಪ್ಯಾನಲ್ ಬೇಕು.

ಸೆನ್ಸರಿನ ವಿಷಯ ಬೇಗ ಮುಗಿಸುತ್ತೇನೆ. ಮೊದಲು ಬಂದಿದ್ದು ಸ್ಟೀಲ್ ಕಡ್ಡಿಗಳು. ಕಡ್ಡಿಯಿಂದ ಕಡ್ಡಿಗೆ ನೀರಿನ ಮೂಲಕ ಸಣ್ಣ ಕರೆಂಟ್ ಹರಿದರೆ ನೀರಿದೆ ಎಂದು ಲೆಕ್ಕ. ಟ್ಯಾಂಕರಿನ ಬೋರ್ ನೀರು ಗಡಸು, ಅಲ್ವಾ? ಒಂದು ಬೇಸಿಗೆಯಲ್ಲೇ ಕಡ್ಡಿಗಳ ಮೇಲೆ ಸುಣ್ಣದಂಥ ಬಿಳಿ ಉಪ್ಪು ಕಟ್ಟಿತು. ಉಪ್ಪು ಕಟ್ಟಿದರೆ ಮೇಲಿನ ಕಡ್ಡಿಗೆ ನೀರು ಮುಟ್ಟಿದ್ದೇ ತಿಳಿಯುವುದಿಲ್ಲ, ಮತ್ತೆ ಓವರ್‌ಫ್ಲೋ. ನಿಂಬೆ ರಸದಲ್ಲಿ ಉಜ್ಜಿದರೆ ಎರಡು ಮೂರು ತಿಂಗಳು ಸರಿಯಿರುತ್ತಿತ್ತು. ಕೊನೆಗೆ ಮ್ಯಾಗ್ನೆಟ್ ಇರುವ ಫ್ಲೋಟ್ ಸೆನ್ಸರ್ ಹಾಕಿಸಿದೆ. ಅದರಲ್ಲಿ ನೀರಿಗೂ ಕರೆಂಟಿಗೂ ಸಂಬಂಧವಿಲ್ಲ, ಫ್ಲೋಟ್ ತೇಲಿದರೆ ಸಾಕು. ಗಡಸು ನೀರಿದ್ದವರು ಮೊದಲೇ ಅದನ್ನೇ ತೆಗೆದುಕೊಳ್ಳಿ.

ನಾನು ಇದನ್ನು ಬರೆಯಲು ಕೂತದ್ದು ಕಳೆದ ಏಪ್ರಿಲ್‌ನಲ್ಲಿ ಆದದ್ದಕ್ಕಾಗಿ. ಸಂಪು ಮುಕ್ಕಾಲು ತುಂಬಿತ್ತು, ಮೇಲಿನ ಟ್ಯಾಂಕ್ ಖಾಲಿ. ಕಂಟ್ರೋಲರ್ ಮೋಟರ್ ಶುರು ಮಾಡಿತು. ನಮ್ಮ ಟ್ಯಾಂಕ್ ಕಾಲು ಭಾಗದಿಂದ ತುಂಬಲು 20 ನಿಮಿಷ ಸಾಕು. ಮುಕ್ಕಾಲು ಗಂಟೆಯಾದರೂ ಮೋಟರ್ ನಿಲ್ಲಲಿಲ್ಲ. ಮನೆಯವಳು ಬಂದು "ರೀ, ಮೋಟರ್ ಸದ್ದು ಯಾಕೋ ಬೇರೆ ಇದೆ" ಎಂದಳು. ಹೋಗಿ ನೋಡಿದರೆ ಪಂಪಿನ ಭಾಗಕ್ಕೆ ಕೈ ಇಡಲು ಆಗುತ್ತಿರಲಿಲ್ಲ, ಅಷ್ಟು ಬಿಸಿ. ನೀರು ತುಂಬಿದ ಭಾರದ ಸದ್ದು ಹೋಗಿ ತೆಳುವಾದ ಕಿರ್ರ್ ಸದ್ದು ಬರುತ್ತಿತ್ತು. ಟ್ಯಾಂಕಿಗೆ ಒಂದು ಹನಿಯೂ ಏರಿರಲಿಲ್ಲ. ಮೋಟರ್ ಏರ್ ಹಿಡಿದಿತ್ತು.

ಬಿಚ್ಚಿದಾಗ ಕಾರಣ ಸಿಕ್ಕಿತು. ಫುಟ್‌ವಾಲ್ವಿನ ಒಳಗೆ ತೆಂಗಿನ ನಾರು ಸಿಕ್ಕಿಕೊಂಡು ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಮೋಟರ್ ನಿಂತಿದ್ದಾಗ ಪೈಪಿನ ನೀರೆಲ್ಲ ಮೆಲ್ಲಗೆ ಸಂಪಿಗೆ ಇಳಿದುಹೋಗಿತ್ತು. ಸಂಪಿನ ಸೆನ್ಸರ್ ಹೇಳಿದ್ದು ನಿಜವೇ, ಸಂಪಿನಲ್ಲಿ ನೀರಿತ್ತು. ಆದರೆ ಪಂಪಿನಲ್ಲಿ ಇರಲಿಲ್ಲ. ಡಬ್ಬದ ಮೇಲೆ ಡ್ರೈ ರನ್ ರಕ್ಷಣೆ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಸೆನ್ಸರ್ ನೋಡುವುದು ಸಂಪನ್ನು ಮಾತ್ರ. ಈ ಮಾತನ್ನು ಅಂಗಡಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ ಹಿಡಿದು ತೋರಿಸಿದರು. ನೀರು ಎತ್ತುವಾಗ 6.1 ಆಂಪಿಯರ್, ಗಾಳಿಯಲ್ಲಿ ಓಡುವಾಗ 4.3. ಈ ವ್ಯತ್ಯಾಸ ನೋಡಿಯೇ ಮೋಟರ್ ನಿಲ್ಲಿಸುವ ಕಂಟ್ರೋಲರ್‌ಗಳೂ ಇವೆ. ಹೊಸದಾಗಿ ತರುವವರು ಅದನ್ನು ಕೇಳಿ ನೋಡಿ. ನಮ್ಮ ಲೈನಿನಲ್ಲಿ ವೋಲ್ಟೇಜ್ ಜಾಸ್ತಿ ಏರಿಳಿಯುತ್ತದೆ, ಅದರ ಜೊತೆ ಆಂಪಿಯರೂ ಏರಿಳಿಯುತ್ತದೆ. ಸುಮ್ನೆ ಸುಮ್ನೆ ಟ್ರಿಪ್ ಆಗುವುದು ಬೇಡ ಎಂದು ನಾನು ಟೈಮರ್ ಹಾಕಿಸಿದೆ. ಅದರ ಪಾಯಿಂಟು ಕಾಂಟ್ಯಾಕ್ಟರ್ ಕಾಯಿಲಿನ ದಾರಿಯಲ್ಲಿ ಕೂತಿದೆ. 20 ನಿಮಿಷದಲ್ಲಿ ತುಂಬುವ ಟ್ಯಾಂಕಿಗೆ 28 ನಿಮಿಷ ಸೆಟ್ ಮಾಡಿದ್ದೇವೆ. ಅಷ್ಟರಲ್ಲಿ ತುಂಬದಿದ್ದರೆ ಕಾಯಿಲ್ ಬಿಡುತ್ತದೆ, ನಾವು ಹೋಗಿ ಸ್ವಿಚ್ ಆರಿಸಿ ಹಾಕುವವರೆಗೂ ಮೋಟರ್ ಮತ್ತೆ ಶುರುವಾಗುವುದಿಲ್ಲ. ಒಂದು ಕೊರತೆ ಇದೆ. ನಡುವೆ ಕರೆಂಟ್ ಹೋಗಿ ಬಂದರೆ ಟೈಮರ್ ಮೊದಲಿನಿಂದ ಎಣಿಸುತ್ತದೆ. ಗಾಳಿಯಲ್ಲಿ 28 ನಿಮಿಷ ಓಡುವುದೂ ಸೀಲಿಗೆ ಒಳ್ಳೆಯದಲ್ಲ, ಆದರೆ ರಾತ್ರಿಯಿಡೀ ಓಡಿ ವೈಂಡಿಂಗ್ ಸುಡುವುದು ತಪ್ಪುತ್ತದೆ. ಜೊತೆಗೆ ಸಂಪಿನ ಮುಚ್ಚಳಕ್ಕೆ ಬಿಗಿ ಕೂರುವ ರಬ್ಬರ್ ಹಾಕಿಸಿ, ಫುಟ್‌ವಾಲ್ವ್‌ಗೆ ಹೊಸ ಜರಡಿ ಕಟ್ಟಿಸಿದೆ.

ಖರ್ಚು ಹೇಳುವುದಾದರೆ ಕಂಟ್ರೋಲರಿಗೆ 2,600, ಕಾಂಟ್ಯಾಕ್ಟರಿಗೆ 950, ಫ್ಲೋಟ್ ಸೆನ್ಸರ್‌ಗಳಿಗೆ 1,100, ಟೈಮರಿಗೆ 700 ರೂಪಾಯಿ. ಕೂಲಿ, ವೈರು ಬೇರೆ. ಸೆನ್ಸರ್ ವೈರನ್ನು ಮೋಟರ್ ವೈರಿನ ಪೈಪಿನಲ್ಲಿ ಎಳೆಸಬೇಡಿ, ಬೇರೆ ಪೈಪಿನಲ್ಲಿ ಎಳೆಸಿ. ಆಟೊ–ಮ್ಯಾನ್ಯುಯಲ್ ಸ್ವಿಚ್ ಒಂದನ್ನು ಕಡ್ಡಾಯವಾಗಿ ಇಡಿಸಿ. ಕಂಟ್ರೋಲರ್ ರಿಪೇರಿಗೆ ಹೋದ ಹತ್ತು ದಿನ ನಮ್ಮ ಮನೆಗೆ ನೀರು ಏರಿದ್ದು ಆ ಸ್ವಿಚ್ಚಿನಿಂದ.

ಪ್ರತಿ ತಿಂಗಳ ಮೊದಲ ಭಾನುವಾರ ಮೋಟರ್ ಓಡುವಾಗ ಸಂಪಿನ ಫ್ಲೋಟನ್ನು ವೈರಿನಿಂದ ಹಿಡಿದು ನೀರಿನಿಂದ ಮೇಲೆತ್ತುತ್ತೇನೆ. ಐದು ಸೆಕೆಂಡಿನಲ್ಲಿ ಕಾಂಟ್ಯಾಕ್ಟರ್ ಟಪ್ ಎಂದು ಬಿಡಬೇಕು. ಮತ್ತೆ ಇಳಿಬಿಟ್ಟರೆ ಹಿಡಿಯಬೇಕು. ನಿನ್ನೆಯೂ ನೋಡಿದೆ, ಬಿಟ್ಟಿತು, ಹಿಡಿಯಿತು.