ಸಿನ್ಸ್ ಅಥವಾ ಫಾರ್: ಒಂದು ನಿಮಿಷದ ವಿಡಿಯೊಗೆ ಯಾವ ಟ್ರಿಕ್ ಸರಿ?

‘ಸೋಮವಾರದಿಂದ ಜ್ವರ’ ಅಂದರೂ ‘ಮೂರು ದಿನದಿಂದ ಜ್ವರ’ ಅಂದರೂ ಕನ್ನಡದಲ್ಲಿ ಬರುವುದು ಅದೇ ‘ಇಂದ’. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಸಿನ್ಸ್, ಎರಡನೆಯದಕ್ಕೆ ಫಾರ್. ‘ಸಿನ್ಸ್ ತ್ರೀ ಡೇಸ್’ ಎಂಬ ತಪ್ಪು ಹುಟ್ಟುವುದು ಇಲ್ಲೇ. ಇದನ್ನು ತಿದ್ದುವ ಮೂರು ಟ್ರಿಕ್‌ಗಳನ್ನು ಒಂದೇ ವಾಕ್ಯಗಳ ಮೇಲೆ ಪರೀಕ್ಷಿಸಿ ನೋಡಿದೆವು.

‘ಅಂಕಿ ಕಂಡರೆ ಫಾರ್’ ಎಂಬುದು ತುಂಬ ಚುರುಕು, ಹೇಳಲು ಹದಿನೈದು ಸೆಕೆಂಡ್ ಸಾಕು. ಆದರೆ ‘ಸಿನ್ಸ್ 2019’ ಬಂದ ಕೂಡಲೇ ಮುರಿದುಬೀಳುತ್ತದೆ. ‘ಫಾರ್ ಎ ಲಾಂಗ್ ಟೈಮ್’ನಲ್ಲಿ ಅಂಕಿಯೇ ಇಲ್ಲ. ಇದನ್ನು ಕಲಿಸಲೇಬಾರದು.

‘ಆರಂಭದ ಬಿಂದುವಿಗೆ ಸಿನ್ಸ್, ಅವಧಿಗೆ ಫಾರ್’ ಎಂಬ ಸೂತ್ರ ತಪ್ಪಲ್ಲ. ತೊಡಕು ‘ಚೈಲ್ಡ್‌ಹುಡ್’ನಂಥ ಪದದಲ್ಲಿ. ಬಾಲ್ಯವೆಂದರೆ ಹಲವು ವರ್ಷ, ಹಾಗಾಗಿ ಅದು ಅವಧಿ ಎಂದುಕೊಂಡು ಮಕ್ಕಳು ಫಾರ್ ಹಾಕುತ್ತಾರೆ. ಬೇಕಿರುವುದು ಸಿನ್ಸ್.

ನಮ್ಮ ಆಯ್ಕೆ ಮೂರನೆಯದು: ಉತ್ತರಕ್ಕೆ ಮುಂಚೆ ಕನ್ನಡದಲ್ಲೇ ಪ್ರಶ್ನೆ ಕೇಳಿಕೊಳ್ಳುವುದು. ‘ಯಾವಾಗಿನಿಂದ?’ ಎಂಬುದಕ್ಕೆ ಉತ್ತರವಾದರೆ ಸಿನ್ಸ್, ‘ಎಷ್ಟು ಕಾಲದಿಂದ?’ ಎಂಬುದಕ್ಕಾದರೆ ಫಾರ್. ಯಾವಾಗಿನಿಂದ ಪರಿಚಯ? ಚಿಕ್ಕಂದಿನಿಂದ. ಹಾಗಾಗಿ ಸಿನ್ಸ್. ‘ಕಳೆದ ವಾರದಿಂದ’ ಎಂಬುದಕ್ಕೂ ಸಿನ್ಸ್, ‘ಕಳೆದ ಎರಡು ವಾರದಿಂದ’ ಎಂಬುದಕ್ಕೆ ಫಾರ್.

ಇದರ ನಿಜವಾದ ಬಲ ತಿಳಿಯುವುದು ‘ಎರಡು ಗಂಟೆಯಿಂದ ಕಾಯ್ತಿದ್ದೀನಿ’ ಎಂಬ ವಾಕ್ಯದಲ್ಲಿ. ಗಡಿಯಾರದ ಎರಡು ಗಂಟೆಯೋ, ಎರಡು ಗಂಟೆ ಹೊತ್ತೋ? ‘ಯಾವಾಗಿನಿಂದ?’ ಅಂದರೆ ‘ಸಿನ್ಸ್ ಟೂ ಓ ಕ್ಲಾಕ್’, ‘ಎಷ್ಟು ಹೊತ್ತಿನಿಂದ?’ ಅಂದರೆ ‘ಫಾರ್ ಟೂ ಅವರ್ಸ್’. ಉತ್ತರ ಕರ್ನಾಟಕದವರಿಗಾಗಿ ಮಾಡುವ ವಿಡಿಯೊದಲ್ಲಿ ಎರಡನೆಯದಕ್ಕೆ ‘ಎರಡು ತಾಸಿನಿಂದ’ ಎಂದೇ ಹೇಳಿ, ಗೊಂದಲವೇ ಇರುವುದಿಲ್ಲ.

ಈ ಟ್ರಿಕ್‌ಗೂ ಮಿತಿಯಿದೆ. ‘ಅಲ್ಲಿ ಎರಡು ದಿನ ಇದ್ದೆ’ ಎಂಬಲ್ಲಿ ‘ಇಂದ’ ಇಲ್ಲದಿದ್ದರೂ ಇಂಗ್ಲಿಷಿನಲ್ಲಿ ಫಾರ್ ಬರುತ್ತದೆ. ಅದನ್ನು ಇನ್ನೊಂದು ವಿಡಿಯೊಗೆ ಬಿಡುವುದೇ ಲೇಸು. ಆದರೆ ಕ್ರಿಯಾಪದವನ್ನು ಬಿಡುವಂತಿಲ್ಲ. ‘ಕಾಯ್ತಿದ್ದೀನಿ’ ಎಂಬುದನ್ನು ಹಾಗೇ ತಿರುಗಿಸಿ ‘ಐ ಆಮ್ ವೇಟಿಂಗ್ ಫಾರ್ ಟೂ ಅವರ್ಸ್’ ಅಂದರೆ, ಫಾರ್ ಸರಿಯಾಗಿದ್ದೂ ವಾಕ್ಯ ತಪ್ಪು. ‘ಐ ಹ್ಯಾವ್ ಬೀನ್ ವೇಟಿಂಗ್’ ಆಗಬೇಕು. ಮೂರೂ ಟ್ರಿಕ್‌ಗಳು ಇದನ್ನು ತಾವಾಗಿ ಹಿಡಿಯುವುದಿಲ್ಲ.

ಹಾಗಾಗಿ ಸಮಯವನ್ನು ಹೀಗೆ ಹಂಚಿ: ಮೊದಲ ಐದು ಸೆಕೆಂಡ್ ತಪ್ಪು ವಾಕ್ಯ, ಇಪ್ಪತ್ತು ಸೆಕೆಂಡ್ ಎರಡು ಪ್ರಶ್ನೆ ಮತ್ತು ಒಂದೊಂದು ಉದಾಹರಣೆ, ಮುಂದಿನ ಹದಿನೈದು ‘ಎರಡು ಗಂಟೆ’ಗೆ, ಕೊನೆಯ ಹದಿನೈದು ‘ಹ್ಯಾವ್ ಬೀನ್’ಗೆ. ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡ್ ಸುಮ್ಮನಿರಿ. ಉತ್ತರ ತಕ್ಷಣ ತೆರೆಗೆ ಬಂದರೆ ನೋಡುವವರು ಯೋಚಿಸುವುದೇ ಇಲ್ಲ. ಉದಾಹರಣೆ ವಾಕ್ಯವನ್ನು ತೆರೆಯ ನಡುವೆ ಇಡಿ, ಕೆಳಗಿಟ್ಟರೆ ಶೀರ್ಷಿಕೆ, ಬಟನ್‌ಗಳ ಹಿಂದೆ ಮುಚ್ಚಿಹೋಗುತ್ತದೆ.